ಕೇಸ್ ಇತ್ತು ಅಂತ ಬರೆದುಕೊಟ್ಟೇ ಎಸ್‌ಡಿಎ ಕೆಲಸ ತಗೊಂಡೆ

"ಹಳೇ ಕೇಸ್ ಇದ್ರೆ ಸರ್ಕಾರಿ ಕೆಲಸ ಸಿಗಲ್ಲ, ಬರೆದ್ರೆ ಅಂತೂ ಮುಗೀತು" ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಕೋಚಿಂಗ್ ಸೆಂಟರ್‌ನ ಸರ್ ಹೇಳಿದ್ದರು, ನಮ್ಮ ದೊಡ್ಡಪ್ಪ ಹೇಳಿದ್ದರು, ರೂಮಿನಲ್ಲಿ ಜೊತೆಗೆ ಓದುತ್ತಿದ್ದ ಮೂವರೂ ಹೇಳಿದ್ದರು. ನಾನು ಬರೆದೆ. ಇವತ್ತು ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕ ಆಗಿ ಕೆಲಸ ಮಾಡುತ್ತಿದ್ದೇನೆ. ಸೆಲೆಕ್ಷನ್ ಲಿಸ್ಟ್, ಅಟೆಸ್ಟೇಷನ್ ಫಾರಂ, ಪೊಲೀಸ್ ವೆರಿಫಿಕೇಷನ್ ಇವೆಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಕೇಸ್ ಏನು ಅಂದರೆ, 2015ರಲ್ಲಿ ಹೊಲದ ಬದುವಿನ ಜಗಳ. ಪಕ್ಕದ ಹೊಲದವರು ಅಪ್ಪ, ಚಿಕ್ಕಪ್ಪ, ಅಣ್ಣ, ನಾನು ನಾಲ್ಕೂ ಜನರ ಹೆಸರು ಕೊಟ್ಟರು. ನನಗಾಗ ಇಪ್ಪತ್ತು ವರ್ಷ, ಬಿಎ ಎರಡನೇ ವರ್ಷ. ಐಪಿಸಿ 341, 323, 504, 506, ಜೊತೆಗೆ 34. ಅಂದರೆ ದಾರಿಗೆ ಅಡ್ಡಗಟ್ಟಿದ್ದು, ಹೊಡೆದದ್ದು, ಬೈದದ್ದು, ಬೆದರಿಸಿದ್ದು, ಎಲ್ಲರೂ ಸೇರಿ ಮಾಡಿದ್ದು. ಎಲ್ಲವೂ ಜಾಮೀನು ಸಿಗುವಂಥವು. ಬೆಳಿಗ್ಗೆ ಸ್ಟೇಷನ್‌ಗೆ ಕರೆದುಕೊಂಡು ಹೋಗಿ ಅರೆಸ್ಟ್ ಅಂತ ತೋರಿಸಿ ಸಂಜೆಗೆ ಜಾಮೀನಿನ ಮೇಲೆ ಬಿಟ್ಟರು. ಚಾರ್ಜ್‌ಶೀಟ್ ಆಯಿತು, ಎರಡು ವರ್ಷ ತಾಲೂಕು ಕೋರ್ಟಿಗೆ ಓಡಾಡಿದೆವು, ಆಮೇಲೆ ಎರಡೂ ಮನೆಯವರು ರಾಜಿಯಾಗಿ ಕೇಸ್ ಖುಲಾಸೆಯಲ್ಲಿ ಮುಗಿಯಿತು. ಒಂದು ಸಮಾಧಾನ ಅಂದರೆ ಆಯುಧದಿಂದ ಗಾಯ ಮಾಡಿದ್ದಕ್ಕೆ ಹಾಕುವ 324 ಹಾಕಿರಲಿಲ್ಲ. ಅದು ಬಿದ್ದಿದ್ದರೆ ತಾಲೂಕು ಕೋರ್ಟಿನಲ್ಲಿ ರಾಜಿಗೆ ದಾರಿಯಿಲ್ಲ, ಕೇಸ್ ರದ್ದು ಮಾಡಿಸಲು ಹೈಕೋರ್ಟಿಗೆ ಹೋಗಬೇಕಿತ್ತು.

ಕೆಲಸಕ್ಕೆ ಅರ್ಜಿ ಹಾಕುವಾಗ ಆನ್‌ಲೈನ್ ಅರ್ಜಿಯಲ್ಲಿ ಕೇಳಿದ್ದು ಶಿಕ್ಷೆಯಾಗಿದೆಯಾ ಅಂತ ಮಾತ್ರ. ಆಗಿರಲಿಲ್ಲ, ಇಲ್ಲ ಅಂತ ಹಾಕಿದೆ. ಅದು ಸತ್ಯ. ಆಯ್ಕೆಯಾದ ಮೇಲೆ ಬಂದ ಅಟೆಸ್ಟೇಷನ್ ಫಾರಂ ಬೇರೆ ಥರ. ಯಾವತ್ತಾದರೂ ಬಂಧನವಾಗಿದೆಯಾ, ಜಾಮೀನಿನ ಮೇಲೆ ಬಿಟ್ಟಿದ್ದಾರಾ, ಪ್ರಾಸಿಕ್ಯೂಷನ್ ಆಗಿದೆಯಾ, ಕೇಸ್ ಬಾಕಿ ಇದೆಯಾ ಅಂತ ಒಂದೊಂದಾಗಿ ಕೇಳುತ್ತದೆ. ಇದರಲ್ಲಿ ಎಲ್ಲರೂ ಎಡವುತ್ತಾರೆ. ಖುಲಾಸೆ ಆಯಿತಲ್ವಾ, ಇನ್ನೇನು ಬರೆಯೋದು ಅಂತ "ಇಲ್ಲ" ಹಾಕಿಬಿಡುತ್ತಾರೆ. ಆದರೆ ಬಂಧನ ಆಗಿತ್ತಾ ಅನ್ನುವ ಪ್ರಶ್ನೆಗೆ ಖುಲಾಸೆ ಉತ್ತರ ಆಗಲ್ಲ.

ಸುಪ್ರೀಂ ಕೋರ್ಟಿನ ಅವತಾರ್ ಸಿಂಗ್ ತೀರ್ಪು (2016, ಮೂವರು ನ್ಯಾಯಮೂರ್ತಿಗಳದ್ದು) ಓದಿ ಇಟ್ಟುಕೊಳ್ಳಿ. ಪೂರ್ತಿ ಬೇಡ, 38ನೇ ಪ್ಯಾರಾ ಸಾಕು. ಫಾರಂನಲ್ಲಿ ಸ್ಪಷ್ಟವಾಗಿ ಕೇಳಿದ್ದನ್ನು ಮುಚ್ಚಿಟ್ಟರೆ ಮಾತ್ರ ಮುಚ್ಚಿಟ್ಟ ಆರೋಪ ನಿಲ್ಲುತ್ತದೆ ಅಂತ ಅದರಲ್ಲಿದೆ. ಚಿಕ್ಕ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಕೇಸನ್ನು ಮುಚ್ಚಿಟ್ಟಿದ್ದರೂ ಮನ್ನಿಸಬಹುದು ಅಂತಲೂ ಇದೆ. ಇದನ್ನು ಮಾತ್ರ ಓದಿ ಖುಷಿಪಡಬೇಡಿ. ಸತ್ಯ ಬರೆದವನಿಗೂ ಕೆಲಸ ಕೊಡಲೇಬೇಕು ಅಂತ ಒತ್ತಾಯ ಇಲ್ಲ, ಪೂರ್ವಾಪರ ನೋಡುವ ಹಕ್ಕು ನೇಮಕ ಮಾಡುವವರಿಗೆ ಇದ್ದೇ ಇದೆ ಅಂತ ಅದೇ ಪ್ಯಾರಾ ಹೇಳುತ್ತದೆ. ನನಗೆ ಎದುರಾದದ್ದು ಈ ಸಾಲೇ.

ಫಾರಂನಲ್ಲಿ ಎಲ್ಲ ಬರೆದೆ. ಕ್ರೈಂ ನಂಬರ್, ಸಿಸಿ ನಂಬರ್, ಸೆಕ್ಷನ್‌ಗಳು, ಬಂಧನದ ತಾರೀಖು, ಖುಲಾಸೆಯ ತಾರೀಖು. ಕೋರ್ಟ್ ಆದೇಶದ ದೃಢೀಕೃತ ನಕಲು ಲಗತ್ತಿಸಿದೆ. ಕೊಟ್ಟದ್ದಕ್ಕೆ ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಂಡೆ. ಈ ಸೀಲು ಇರುವ ಪ್ರತಿ ಆಮೇಲೆ ಬಂಗಾರಕ್ಕಿಂತ ಜಾಸ್ತಿ ಕೆಲಸಕ್ಕೆ ಬಂತು.

ಆ ಹೊತ್ತಿಗೇ ಒಬ್ಬ ಬ್ರೋಕರ್ ಫೋನ್ ಮಾಡಿದ. ಪೊಲೀಸ್ ರಿಪೋರ್ಟ್ "ಕ್ಲೀನ್" ಬರುವ ಹಾಗೆ ನೋಡಿಕೊಳ್ಳುತ್ತೇನೆ, 3 ಲಕ್ಷ ಅಂದ. ನಾನೇ ಕೈಯಾರೆ ಕೇಸ್ ಬರೆದುಕೊಟ್ಟಿರುವಾಗ ಕ್ಲೀನ್ ರಿಪೋರ್ಟ್ ಬಂದರೆ ಅದೇ ಇನ್ನೊಂದು ಕೇಸ್ ಆಗುತ್ತದೆ. ಫೋನ್ ಇಟ್ಟೆ.

ನಾಲ್ಕೈದು ತಿಂಗಳ ನಂತರ ಒಂದು ಪುಟದ ಆದೇಶ ಬಂತು. "ಪೊಲೀಸ್ ವರದಿಯಂತೆ ಕ್ರಿಮಿನಲ್ ಹಿನ್ನೆಲೆ ಇರುವುದರಿಂದ ಆಯ್ಕೆ ರದ್ದುಪಡಿಸಿದೆ" ಅಂತ, ಅಷ್ಟೇ. ರೂಮಿನವರು ನಾವು ಹೇಳಿರಲಿಲ್ವಾ ಅಂದರು.

ಮೊದಲು ಊರಿನ ಒಬ್ಬ ವಕೀಲರ ಹತ್ತಿರ ಹೋದೆ. 8 ಸಾವಿರ ತಗೊಂಡು ಇಲಾಖೆಗೆ ನೋಟಿಸ್ ಕಳಿಸಿದರು. ಎರಡು ತಿಂಗಳು ಕಾದೆ, ಉತ್ತರವೇ ಇಲ್ಲ. ನಾನೇ ಒಂದು ಮನವಿ ಕೊಟ್ಟೆ, "ಪರಿಶೀಲನೆಯಲ್ಲಿದೆ" ಅಂದರು. ಇಲ್ಲಿಗೆ ಕೈಬಿಟ್ಟವರೇ ಜಾಸ್ತಿ. ನಾನು 10 ರೂಪಾಯಿ ಹಾಕಿ ಆರ್‌ಟಿಐ ಅರ್ಜಿ ಬರೆದೆ. ಕೇಳಿದ್ದು ಎರಡೇ: ಪೊಲೀಸ್ ವರದಿಯ ಪ್ರತಿ, ನನ್ನ ಕಡತದಲ್ಲಿ ಅಧಿಕಾರಿಗಳು ಬರೆದ ಟಿಪ್ಪಣಿ ಹಾಳೆ. ಮೊದಲು ಕೊಡಲಿಲ್ಲ, ಮೇಲ್ಮನವಿ ಹಾಕಿದ ಮೇಲೆ ಕೊಟ್ಟರು. ಅರ್ಜಿಯಲ್ಲಿ ಹೇಗೆ ಕೇಳಿದರೆ ಟಿಪ್ಪಣಿ ಹಾಳೆ ಬೇಗ ಸಿಗುತ್ತದೆ ಅನ್ನುವುದನ್ನು ಇಲ್ಲಿ ಬರೆಯಲ್ಲ, ಬರೆದರೆ ನಾಳೆಯಿಂದಲೇ ಆ ದಾರಿ ಮುಚ್ಚುತ್ತಾರೆ.

ಆ ಹಾಳೆ ನೋಡಿದಾಗ ನನಗೆ ಧೈರ್ಯ ಬಂತು. ಪೊಲೀಸ್ ವರದಿಯಲ್ಲಿ "ಪ್ರಕರಣ ದಾಖಲಾಗಿರುತ್ತದೆ" ಅಂತಿತ್ತು, ಏನಾಯಿತು ಅಂತ ಇರಲಿಲ್ಲ. ಟಿಪ್ಪಣಿಯಲ್ಲಿ ಸೆಕ್ಷನ್ ಇಲ್ಲ, ಖುಲಾಸೆ ಇಲ್ಲ, ನನ್ನ ವಯಸ್ಸು ಇಲ್ಲ, ಹುದ್ದೆ ಯಾವುದು ಅನ್ನುವ ಯೋಚನೆ ಇಲ್ಲ. ನಾನು ಲಗತ್ತಿಸಿದ ಕೋರ್ಟ್ ಆದೇಶದ ಬಗ್ಗೆ ಒಂದು ಅಕ್ಷರವೂ ಇಲ್ಲ. ಅಂದರೆ ಯಾರೂ ತೂಗಿ ನೋಡಿಯೇ ಇಲ್ಲ. ಕಾನೂನು ಅವರಿಗೆ ಕೊಟ್ಟಿರುವುದು ತೂಗಿ ನೋಡುವ ಅಧಿಕಾರ. ತೂಗದೇ ತಿರಸ್ಕರಿಸಿದರೆ ಆ ಆದೇಶ ನಿಲ್ಲುವುದಿಲ್ಲ.

ಎರಡನೇ ವಕೀಲರು ಸರ್ವಿಸ್ ಮ್ಯಾಟರ್ ಮಾತ್ರ ನಡೆಸುವವರು. 40 ಸಾವಿರ ಕೇಳಿದರು, 35ಕ್ಕೆ ಒಪ್ಪಿದರು. ಸರ್ಕಾರಿ ನೌಕರಿಯ ವಿವಾದ ನೋಡುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಸ್‌ಎಟಿಯ ಬೆಳಗಾವಿ ಪೀಠದಲ್ಲಿ ಅರ್ಜಿ ಹಾಕಿದೆವು. ಅಂತಿಮ ಆದೇಶ ಬಂದು ಒಂದು ವರ್ಷದೊಳಗೆ ಹಾಕಬೇಕು, ನೋಟಿಸ್‌ಗೆ ಉತ್ತರ ಬರಲಿ ಅಂತ ಸುಮ್ನೆ ಕೂತರೆ ಗಡುವು ಕಳೆದು ಹೋಗುತ್ತದೆ. ಇನ್ನೊಂದು, ನಿಗಮ ಮಂಡಳಿಗಳ ಕೆಲಸಕ್ಕೆ ಸಾಮಾನ್ಯವಾಗಿ ಕೆಎಸ್‌ಎಟಿ ನಡೆಯಲ್ಲ, ಹೈಕೋರ್ಟಿಗೆ ರಿಟ್ ಹಾಕಬೇಕು.

ಇಲಾಖೆ ಕಡೆಯ ವಾದ ಒಂದೇ. "ರಾಜಿಯಿಂದ ಬಿಡುಗಡೆ, ಗೌರವಯುತ ಖುಲಾಸೆ ಅಲ್ಲ" ಅಂತ ಸುಪ್ರೀಂ ಕೋರ್ಟಿನ ಮೆಹರ್ ಸಿಂಗ್ ತೀರ್ಪು (2013) ತೋರಿಸಿದರು. ಈ ವಾದ ಬಂದೇ ಬರುತ್ತದೆ ಅಂತ ನಾನು ಮೊದಲೇ ಹೇಳಿದ್ದೆ, ವಕೀಲರು ನಕ್ಕಿದ್ದರು. ನಮ್ಮ ಉತ್ತರ ಹೀಗಿತ್ತು. ಮೆಹರ್ ಸಿಂಗ್ ದೆಹಲಿ ಪೊಲೀಸ್ ನೇಮಕದ ವಿಷಯ, ಶಿಸ್ತಿನ ಪಡೆಗೆ ಅಳತೆ ಬಿಗಿ. ನನ್ನದು ಮೇಜಿನ ಮುಂದೆ ಕೂತು ಕಡತ ನೋಡುವ ಕೆಲಸ. ಸಿಆರ್‌ಪಿಸಿ 320(8) ಪ್ರಕಾರ ರಾಜಿಗೆ ಖುಲಾಸೆಯ ಪರಿಣಾಮವೇ ಇದೆ. ಸೆಕ್ಷನ್‌ಗಳಲ್ಲಿ ಕಳ್ಳತನ, ಮೋಸ, ಹೆಣ್ಣುಮಕ್ಕಳ ಮೇಲಿನ ಅಪರಾಧ ಏನೂ ಇಲ್ಲ, ಅಂದರೆ ನೈತಿಕ ಅಧಃಪತನದ ಮಾತೇ ಬರುವುದಿಲ್ಲ. ಜೊತೆಗೆ ಸಂದೀಪ್ ಕುಮಾರ್ ತೀರ್ಪು (2011) ಕೊಟ್ಟೆವು. ಅದೂ ದೆಹಲಿ ಪೊಲೀಸ್‌ದೇ, ಆತನದು ತೀವ್ರ ಗಾಯಕ್ಕೆ ಹಾಕುವ 325ರ ಹೊಡೆದಾಟ, ರಾಜಿಯಲ್ಲೇ ಮುಗಿದದ್ದು, ವಯಸ್ಸು ಇಪ್ಪತ್ತರ ಆಸುಪಾಸು, ಮೊದಲ ಅರ್ಜಿಯಲ್ಲಿ ಬರೆದೂ ಇರಲಿಲ್ಲ. ಆದರೂ ಆತನ ಪರ ಆಯಿತು. ಬರೆದುಕೊಟ್ಟ ನನಗೆ ಯಾಕಾಗಬಾರದು?

ಇದೆಲ್ಲ ನಾಲ್ಕು ಹಾಳೆಯ ಒಂದು ಪಟ್ಟಿ ಮಾಡಿ ಕೊಟ್ಟಿದ್ದು ನಾನೇ. ಎಡಗಡೆ ಅವತಾರ್ ಸಿಂಗ್ ಹೇಳಿದ ಅಂಶ, ಬಲಗಡೆ ನನ್ನ ದಾಖಲೆಯ ಪುಟ ಸಂಖ್ಯೆ. ವಕೀಲರು ಈಗ ಬೇರೆ ಕಕ್ಷಿದಾರರಿಗೂ ಅದೇ ಥರ ಮಾಡಿಸುತ್ತಾರಂತೆ.

ಸುಮಾರು ಒಂದು ವರ್ಷ ಹಿಡಿಯಿತು. ನನ್ನ ಆಯ್ಕೆ ರದ್ದು ಮಾಡಿದ್ದ ಆದೇಶವನ್ನು ಕೆಎಸ್‌ಎಟಿ ತೆಗೆದುಹಾಕಿತು. ಕೆಲಸ ಕೊಡಿ ಅಂತ ನೇರವಾಗಿ ಹೇಳಲಿಲ್ಲ, ಮೂರು ತಿಂಗಳೊಳಗೆ ಅವತಾರ್ ಸಿಂಗ್ ತೀರ್ಪಿನಂತೆ ಮತ್ತೆ ಪರಿಶೀಲಿಸಿ ಕಾರಣ ಬರೆದು ಆದೇಶ ಮಾಡಿ ಅಂದರು. ಹೆಚ್ಚಾಗಿ ಆಗುವುದೇ ಹೀಗೆ, ನಿರಾಶೆ ಬೇಡ. ಕಾರಣ ಬರೆಯಲೇಬೇಕು ಅಂದಾಗ ಇಲ್ಲ ಅನ್ನಲು ಅವರಿಗೆ ಬರೆಯೋಕೆ ಏನೂ ಇರಲಿಲ್ಲ. ಮೂರು ತಿಂಗಳು ದಾಟಿತು, ನ್ಯಾಯಾಂಗ ನಿಂದನೆ ಅರ್ಜಿ ಹಾಕುತ್ತೇವೆ ಅಂತ ಒಂದು ನೆನಪೋಲೆ ಕೊಟ್ಟೆವು. ಕೆಲವೇ ವಾರದಲ್ಲಿ ನೇಮಕಾತಿ ಆದೇಶ ಬಂತು. ಓಡಾಟ, ನಕಲು, ಎರಡೂ ವಕೀಲರು ಸೇರಿ 55ರಿಂದ 60 ಸಾವಿರ ಖರ್ಚಾಗಿರಬೇಕು. ಬ್ರೋಕರ್ ಕೇಳಿದ್ದು ಇದರ ಐದು ಪಟ್ಟು.

ನಡುವೆ ಇನ್ನೊಂದು ಪ್ರಯೋಗ ಮಾಡಿ ನೋಡಿದೆ. services.ecourts.gov.in ನಲ್ಲಿ ನನ್ನ ಹೆಸರು, ವರ್ಷ ಹಾಕಿ ಹುಡುಕಿದರೆ ಕೇಸ್ ಬಂತು, ಮುಗಿದಿದೆ ಅಂತ ತೋರಿಸಿತು. ಚಿಕ್ಕಪ್ಪನ ಹೆಸರಿನಲ್ಲಿ ಇನಿಷಿಯಲ್ ತಪ್ಪು ಬಿದ್ದಿತ್ತು, ಅವರದು ಬರಲಿಲ್ಲ. ಖಾಸಗಿ ಕಂಪನಿಗಳ ಪರವಾಗಿ ಹಿನ್ನೆಲೆ ಹುಡುಕುವವರು ಕೋರ್ಟಿನ ಇಂಥ ದಾಖಲೆಗಳನ್ನೂ ನೋಡುತ್ತಾರೆ. ಬೆಂಗಳೂರಿನ ಕಂಪನಿಯೊಂದರಲ್ಲಿ ನನ್ನ ಗೆಳೆಯನಿಗೆ ಆಫರ್ ವಾಪಸ್ ತಗೊಂಡದ್ದು ಹೀಗೇ. ಅಲ್ಲಿ ನನ್ನ ದಾರಿ ನಡೆಯಲ್ಲ. ಹಳೇ ಕೇಸ್ ನೋಡಿ ಕೆಲಸ ನಿರಾಕರಿಸಬಾರದು ಅಂತ ಖಾಸಗಿ ಕಂಪನಿಗಳನ್ನು ಕಟ್ಟಿಹಾಕುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಸೇರಿದ ಮೇಲೆ ತೆಗೆದರೆ, ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವ ಹುದ್ದೆಯಾಗಿದ್ದರೆ ಮಾತ್ರ ಹೋರಾಡಲು ಒಂದಿಷ್ಟು ಹಿಡಿತ ಇದೆ.

ಕೃತ್ಯದ ದಿನ ಹದಿನೆಂಟು ತುಂಬಿರದವರ ಲೆಕ್ಕವೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಅಂಥ ಕೇಸಿನಿಂದ ಅನರ್ಹತೆ ಬರುವುದಿಲ್ಲ. ಹದಿನಾರು ದಾಟಿದವರನ್ನು ಘೋರ ಅಪರಾಧಕ್ಕೆ ದೊಡ್ಡವರಂತೆ ವಿಚಾರಣೆ ಮಾಡಿದ್ದರೆ ಮಾತ್ರ ಈ ರಕ್ಷಣೆ ಇಲ್ಲ.

ಪೊಲೀಸ್, ಸಿಆರ್‌ಪಿಎಫ್ ಕಡೆ ಹೋಗುವವರು ನನ್ನದನ್ನು ಹಾಗೇ ನಕಲು ಮಾಡಬೇಡಿ. 2024ರಲ್ಲಿ ರವೀಂದ್ರ ಕುಮಾರ್ ಕೇಸಿನಲ್ಲಿ ಉತ್ತರ ಪ್ರದೇಶದ ಕಾನ್‌ಸ್ಟೇಬಲ್‌ಗೆ ಬರೆಯದಿದ್ದರೂ ಕೆಲಸ ಸಿಕ್ಕಿತು ನಿಜ, ಆದರೆ 2022ರ ಸತೀಶ್ ಚಂದ್ರ ಯಾದವ್ ಕೇಸಿನಲ್ಲಿ ಮುಚ್ಚಿಟ್ಟ ಸಿಆರ್‌ಪಿಎಫ್‌ನವರಿಗೆ ಕೆಲಸ ಹೋಯಿತು. ಪ್ರೊಬೇಷನ್ ಮುಗಿದು ಕಾಯಂ ಆದವರಿಗೆ ಮಾತ್ರ ಒಂದು ಹೆಚ್ಚಿನ ರಕ್ಷಣೆ ಇದೆ. ಮುಚ್ಚಿಟ್ಟಿದ್ದಾರೆ ಅಂತ ಅವರನ್ನು ತೆಗೆಯಬೇಕಾದರೆ ಮೊದಲು ಇಲಾಖಾ ವಿಚಾರಣೆ ನಡೆಸಲೇಬೇಕು.

ಹಿಂದಿನ ಸಂಬಳ ನನಗೆ ಸಿಗಲಿಲ್ಲ. ಸೀನಿಯಾರಿಟಿ ನನ್ನ ಬ್ಯಾಚಿನವರ ಜೊತೆಗೇ ಕೊಡಿ ಅಂತ ಬೇರೆ ಮನವಿ ಹಾಕಿದ್ದೇನೆ, ಅದಕ್ಕೂ ಟಪಾಲಿನಲ್ಲಿ ಸೀಲು ಹಾಕಿಸಿದ್ದೇನೆ.