ಎಂಜಿನ್ನಿಗೆ ಬರೀ ನೀರು ಯಾಕೆ ಸಾಲದು: ನಾನು ಕೂಲಂಟ್ ಅಳೆದು ತುಂಬುವ ಬಗೆ

ನನ್ನ ಕಾರಿನ ಕೂಲಿಂಗ್ ವ್ಯವಸ್ಥೆ ಒಟ್ಟು 6 ಲೀಟರ್ ಹಿಡಿಯುತ್ತದೆ. ಅದರ ಕೂಲಂಟ್ ಬದಲಾಯಿಸುವ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ. ನೋಡಿದವರು ಸಾಮಾನ್ಯವಾಗಿ ಕೇಳುವುದು ಒಂದೇ ಮಾತು: "ಶಾಖ ಹೊರುವುದರಲ್ಲಿ ನೀರೇ ಮೇಲಲ್ಲವೇ? ಮತ್ತೆ ಇದನ್ನೇಕೆ ಬೆರೆಸುತ್ತೀರಿ?"

ಅವರು ಹೇಳುವುದು ನಿಜ. ಒಂದು ಕಿಲೋ ನೀರು ಒಂದು ಡಿಗ್ರಿ ಬಿಸಿಯಾಗುವಾಗ ಸುಮಾರು 4.2 ಕಿಲೋಜೂಲ್ ಶಾಖ ಹೀರುತ್ತದೆ. ಅರ್ಧ ನೀರು, ಅರ್ಧ ಕೂಲಂಟಿನ ಮುಖ್ಯ ದ್ರವವಾದ ಎಥಿಲೀನ್ ಗ್ಲೈಕಾಲ್ ಇರುವ ಮಿಶ್ರಣ ಹೀರುವುದು 3.5ರ ಆಸುಪಾಸು. ಈ ನಷ್ಟ ಗೊತ್ತಿದ್ದೇ ನಾವು ಬೆರೆಸುತ್ತೇವೆ. ಯಾಕೆಂದರೆ ನೀರು ಶಾಖ ಹೊರಬೇಕಾದರೆ ಮೊದಲು ಅದು ನೀರಾಗಿಯೇ ಉಳಿಯಬೇಕು. ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟಿದರೆ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಎಂಜಿನ್ ಬ್ಲಾಕ್ ಸೀಳುವುದಕ್ಕೆ ಅಷ್ಟು ಸಾಕು. ಇನ್ನು ಸಿಲಿಂಡರ್ ಹೆಡ್‌ನಲ್ಲಿ, ಎಕ್ಸಾಸ್ಟ್ ವಾಲ್ವ್‌ಗಳ ಸುತ್ತ, ಲೋಹದ ಬಿಸಿ ಮೀಟರಿನ ಮುಳ್ಳು ತೋರಿಸುವುದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಅಲ್ಲಿ ದ್ರವ ಕುದಿದು ಆವಿಯ ಪದರ ಕಟ್ಟಿಕೊಂಡರೆ ಶಾಖ ದಾಟುವ ದಾರಿಯೇ ಮುಚ್ಚಿಹೋಗುತ್ತದೆ, ಹೆಡ್ ಸೊಟ್ಟಗಾಗುತ್ತದೆ.

ಗ್ಲೈಕಾಲ್ ಎರಡೂ ಕಡೆ ಕೆಲಸ ಮಾಡುತ್ತದೆ. ನೀರಿನ ಅಣುಗಳ ನಡುವೆ ಅದರ ಅಣುಗಳು ಸೇರಿಕೊಂಡಾಗ ನೀರು ಸಾಲುಗೂಡಿ ಹರಳಾಗುವುದು ಕಷ್ಟ, ಆವಿಯಾಗಿ ತಪ್ಪಿಸಿಕೊಳ್ಳುವುದೂ ಕಷ್ಟ. ಎಷ್ಟರ ಮಟ್ಟಿಗೆ ಎಂದು ಲೆಕ್ಕ ಹಾಕಿ ನೋಡಬಹುದು. ಒಂದು ಲೀಟರ್ ಗ್ಲೈಕಾಲ್ ಸುಮಾರು 1110 ಗ್ರಾಂ ತೂಗುತ್ತದೆ. ಅದರ ಮೋಲ್ ತೂಕ 62 ಗ್ರಾಂ. ಹಾಗಾಗಿ ಒಂದು ಲೀಟರಿನಲ್ಲಿ ಸುಮಾರು 18 ಮೋಲ್. ಒಂದು ಕಿಲೋ ನೀರಿಗೆ ಬೆರೆಸಿದ ಪ್ರತಿ ಮೋಲ್ ಹೆಪ್ಪುಗಟ್ಟುವ ಬಿಂದುವನ್ನು 1.86 ಡಿಗ್ರಿ ಇಳಿಸುತ್ತದೆ, ಕುದಿಯುವ ಬಿಂದುವನ್ನು 0.51 ಡಿಗ್ರಿ ಏರಿಸುತ್ತದೆ. ಸಮಸಮ ಬೆರೆಸಿದರೆ ಲೆಕ್ಕದ ಪ್ರಕಾರ ಮೈನಸ್ 33 ಮತ್ತು 109 ಡಿಗ್ರಿ ಸೆಲ್ಸಿಯಸ್. ಈ ಸೂತ್ರ ತೆಳು ದ್ರಾವಣಕ್ಕೆ ಮಾಡಿದ್ದು. ನಿಜವಾದ ಮಿಶ್ರಣ ಸುಮಾರು ಮೈನಸ್ 37ಕ್ಕೆ ಹೆಪ್ಪುಗಟ್ಟಿ 107ಕ್ಕೆ ಕುದಿಯುತ್ತದೆ.

ಕುದಿಬಿಂದು ಏಳೇ ಡಿಗ್ರಿ ಏರಿತೇ ಎನಿಸಬಹುದು. ಆದರೆ ರೇಡಿಯೇಟರ್ ಮುಚ್ಚಳ ಒಳಗಿನ ಒತ್ತಡವನ್ನು ಹೊರಗಿಗಿಂತ ಸುಮಾರು ಒಂದು ಬಾರ್ ಹೆಚ್ಚು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ಬರೀ ನೀರು 120ರ ಸುತ್ತ ಕುದಿದರೆ, ಮಿಶ್ರಣ 130ರ ಹತ್ತಿರದವರೆಗೆ ತಡೆಯುತ್ತದೆ. ಏರು ಹತ್ತಿ ಬಂದು ಎಂಜಿನ್ ಆರಿಸಿದ ಮೇಲೆ ಪಂಪ್ ನಿಂತಿರುತ್ತದೆ, ಲೋಹದ ಬಿಸಿ ಮಾತ್ರ ದ್ರವಕ್ಕೆ ಇಳಿಯುತ್ತಲೇ ಇರುತ್ತದೆ. ಈ ಅಂತರ ಕೆಲಸಕ್ಕೆ ಬರುವುದು ಆಗ.

ತುಂಬುವಾಗ ನಾನು ಹೆಚ್ಚು ಎಚ್ಚರ ವಹಿಸುವುದು ಒಳಗೆ ಉಳಿಯುವ ನೀರಿನ ಬಗ್ಗೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಮುಚ್ಚಳ ತೆಗೆದು, ರೇಡಿಯೇಟರ್ ಕೆಳಗಿನ ಪ್ಲಗ್ ಬಿಚ್ಚಿ, ಬಂದದ್ದನ್ನು ಅಳೆಯುತ್ತೇನೆ. ನನ್ನದರಲ್ಲಿ ಬರುವುದು 4 ಲೀಟರ್. ಬ್ಲಾಕ್ ಮತ್ತು ಹೀಟರ್ ಒಳಗೆ 2 ಲೀಟರ್ ಉಳಿಯುತ್ತದೆ. ಡಿಸ್ಟಿಲ್ಡ್ ನೀರು ಹಾಕಿ, ಎಂಜಿನ್ ಓಡಿಸಿ, ತಣಿಸಿ, ಮತ್ತೆ ಖಾಲಿ ಮಾಡುತ್ತಾ, ಹೊರಬರುವ ನೀರು ತಿಳಿಯಾಗುವವರೆಗೆ ತೊಳೆಯುತ್ತೇನೆ. ಆಗ ಒಳಗೆ ಉಳಿದ ಆ 2 ಲೀಟರ್ ಹೆಚ್ಚುಕಡಿಮೆ ಬರೀ ನೀರು. ಅದರ ಮೇಲೆ ಮೊದಲೇ ಅರ್ಧ ನೀರು ಬೆರೆಸಿಟ್ಟ ಅಂಗಡಿಯ ರೆಡಿ ಮಿಕ್ಸ್ 4 ಲೀಟರ್ ಹೊಯ್ದರೆ ಗ್ಲೈಕಾಲ್ 2 ಲೀಟರ್ ಮಾತ್ರ ಆಗುತ್ತದೆ, ಅಂದರೆ ಮೂರನೇ ಒಂದು ಭಾಗ. ರಕ್ಷಣೆ ಮೈನಸ್ 18ರ ಆಸುಪಾಸಿಗೇ ನಿಲ್ಲುತ್ತದೆ. ಅದಕ್ಕೇ ನಾನು ನೀರು ಬೆರೆಸದ ಕಾನ್ಸಂಟ್ರೇಟ್ 3 ಲೀಟರ್ ಮೊದಲು ಹಾಕಿ, ಆಮೇಲೆ 1 ಲೀಟರ್ ಡಿಸ್ಟಿಲ್ಡ್ ನೀರು ಸೇರಿಸುತ್ತೇನೆ. ಹೀಟರ್ ಹಾಕಿ ಎಂಜಿನ್ ಓಡಿಸಿ, ಸಿಕ್ಕಿಕೊಂಡ ಗಾಳಿ ಹೊರಗೆ ಬಂದ ಮೇಲೆ ಮಟ್ಟ ಸರಿಮಾಡುತ್ತೇನೆ.

ಇನ್ನೂ ಹೆಚ್ಚು ಹಾಕಿದರೆ ಇನ್ನೂ ಒಳ್ಳೆಯದೆಂದು ತಿಳಿಯಬೇಡಿ. ಬರೀ ಗ್ಲೈಕಾಲ್ ಮೈನಸ್ 13ರಲ್ಲೇ ಗಟ್ಟಿಯಾಗುತ್ತದೆ. ಶೇಕಡ 70 ದಾಟಿದ ಮೇಲೆ ಹೆಪ್ಪುಗಟ್ಟುವ ಬಿಂದು ಮತ್ತೆ ಮೇಲೇರತೊಡಗುತ್ತದೆ, ದ್ರವ ಮಂದವಾಗುತ್ತದೆ, ಶಾಖ ಹೊರುವ ಶಕ್ತಿಯೂ ಇಳಿಯುತ್ತದೆ.

ಕೆಲವು ದಿನ ಓಡಿಸಿದ ಮೇಲೆ ರಿಫ್ರ್ಯಾಕ್ಟೋಮೀಟರಿನ ಗಾಜಿಗೆ ಎರಡು ಹನಿ ಹಾಕಿ ನೋಡುತ್ತೇನೆ. ಕೆಲವು ಕೂಲಂಟ್‌ಗಳಲ್ಲಿ ಎಥಿಲೀನ್ ಬದಲು ಇರುವ ಪ್ರೊಪಿಲೀನ್ ಗ್ಲೈಕಾಲ್‌ಗೆ ಬೇರೆ ಸ್ಕೇಲ್ ಇರುತ್ತದೆ, ಡಬ್ಬಿಯ ಮೇಲೆ ಯಾವುದೆಂದು ನೋಡಿಕೊಳ್ಳಬೇಕು. ಉಪಕರಣ ಹೇಳುವುದು ಗ್ಲೈಕಾಲ್ ಪ್ರಮಾಣ ಮಾತ್ರ. ತುಕ್ಕು ತಡೆಯುವ ರಾಸಾಯನಿಕ ಸವೆದುಹೋಗಿದ್ದರೂ ಅಲ್ಲಿ ಮೈನಸ್ 37 ಎಂದೇ ಕಾಣುತ್ತದೆ. ಆದ್ದರಿಂದ ಕಾರಿನ ಕೈಪಿಡಿ ಹೇಳಿದ ಅವಧಿಗೆ ಕೂಲಂಟ್ ಬದಲಾಯಿಸುತ್ತೇನೆ. ತೆಗೆದ ಹಳೆಯ ದ್ರವ ಸಿಹಿಯಾಗಿದ್ದರೂ ವಿಷ. ನಾಯಿ ಬೆಕ್ಕುಗಳು ನೆಕ್ಕದಂತೆ ತಕ್ಷಣ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿಡಿ.