ನಾಲ್ಕು ಸೂಟ್‌ನ ಸ್ಪೈಡರ್: ಖಾಲಿ ಸಾಲನ್ನು ಮರಳಿ ಪಡೆಯುವ ನನ್ನ ಕ್ರಮ

"ನಡೆ ಹಿಂಪಡೆಯುವ ಗುಂಡಿ ಒತ್ತದೆ ನಾಲ್ಕು ಸೂಟ್ ಗೆಲ್ಲುವುದೇ? ಅದೆಲ್ಲ ಅದೃಷ್ಟ ಮಾಸ್ತರೇ" ಎಂದು ಕುಂಬಳೆ ಪೇಟೆಯ ಜೆರಾಕ್ಸ್ ಅಂಗಡಿಯವರು ಹಟ ಹಿಡಿದಿದ್ದರು. ಮಾತು ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಸ್ಪೈಡರ್ ಎಂಬ ಇಸ್ಪೀಟಾಟದ್ದು. ಸೋತವರು ಚಹಾ, ಗೋಳಿಬಜೆ ಕೊಡಿಸಬೇಕೆಂಬುದು ನಮ್ಮ ಪಂಥ. ಮೊದಲ ವರ್ಷ ನಾನೇ ಕೊಡಿಸಿದೆ. ಒಟ್ಟು ಸಾವಿರ ರೂಪಾಯಿಯಾದರೂ ಹೋಗಿರಬೇಕು. ಈಗ ಹತ್ತು ಆಟಗಳಲ್ಲಿ ಮೂರರಷ್ಟು ನನ್ನವು.

ಒಂದು ಸೂಟ್‌ನಲ್ಲಿ ಎಲ್ಲಿ ಜೋಡಿಸಿದರೂ ಸರಪಳಿ ಒಟ್ಟಿಗೇ ಚಲಿಸುತ್ತದೆ. ಎರಡು ಅಥವಾ ನಾಲ್ಕು ಸೂಟ್‌ಗೆ ಬಂದೊಡನೆ ಬೇರೆ ಸೂಟ್‌ನ ಪ್ರತಿ ಜೋಡಣೆಯೂ ಬೀಗ. ಅದು ಅನಿವಾರ್ಯವಾದಾಗ ನಾನು ದೊಡ್ಡ ಎಲೆಯಿಂದ ಆರಂಭಿಸುತ್ತೇನೆ. ಬೇರೆ ಬೇರೆ ಸೂಟ್‌ನ 7, 6, 5 ಮೂರು ಸಾಲುಗಳ ತುದಿಯಲ್ಲಿವೆ ಎನ್ನಿ. 5ನ್ನು 6ರ ಮೇಲೆ ಮೊದಲು ಇಟ್ಟರೆ ಆ ಜೋಡಿ 7ರತ್ತ ಒಟ್ಟಿಗೆ ಹೋಗದು. 6ನ್ನು 7ರ ಮೇಲಿಟ್ಟು, ಬಳಿಕ 5ನ್ನು ತಂದರೆ ಎರಡು ಸಾಲುಗಳಲ್ಲಿ ಅಡಿಯ ಎಲೆ ತೆರೆಯುತ್ತದೆ.

ನನ್ನ ಗೆಲುವಿನ ನಿಜವಾದ ಆಧಾರ ಖಾಲಿ ಸಾಲು. ಅಲ್ಲಿ ರಾಜನನ್ನು ಕೂರಿಸುವ ಆತುರ ಎಲ್ಲರಿಗೂ ಇರುತ್ತದೆ. ನಾನು ಅದನ್ನು ಕೈಸಾಲದ ಹಾಗೆ ಬಳಸುತ್ತೇನೆ: ತೆಗೆದುಕೊಂಡದ್ದು ಹಿಂದಿರುಗಬೇಕು. ಪಂಥ ಗೆದ್ದ ಒಂದು ಆಟದಲ್ಲಿ, ಮುಚ್ಚಿದ ಎಲೆಗಳ ಮೇಲೆ ಇಸ್ಪೀಟಿನ 9, 8. ಅವುಗಳ ಮೇಲೆ ಆಟೀನಿನ 7, 6 ಇದ್ದವು. ಇನ್ನೊಂದು ಸಾಲಿನ ತುದಿಯಲ್ಲಿ ಇಸ್ಪೀಟಿನ 10. ಆಟೀನಿನ ಜೋಡಿಯನ್ನು ಖಾಲಿ ಸಾಲಿಗೆ ಸರಿಸಿ, 9-8ನ್ನು 10ರ ಮೇಲಿಟ್ಟೆ. ಅಡಿಯ ಎಲೆ ತೆರೆಯಿತು. ಜೋಡಿಯನ್ನು ತಕ್ಷಣ 8ರ ಮೇಲೆ ಮರಳಿಸದೆ, ತೆರೆದ ಎಲೆಯನ್ನು ಮೊದಲು ನೋಡಿದೆ: ಆಟೀನಿನ 8! ಜೋಡಿ ಅಲ್ಲಿಗೇ ಹೋಯಿತು. ಎರಡೂ ಸೂಟ್ ಶುದ್ಧವಾದವು, ಖಾಲಿ ಸಾಲೂ ಉಳಿಯಿತು. ಬೇರೆ ಎಲೆ ಬಂದಿದ್ದರೆ 7-6ನ್ನು ಇಸ್ಪೀಟಿನ 8ರ ಮೇಲೆ ಮರಳಿಸಿದರೂ ನಷ್ಟವಿರಲಿಲ್ಲ.

ಒಂದು ಖಾಲಿ ಸಾಲಿದ್ದರೆ ಇಂಥ ಎರಡು ತುಂಡುಗಳನ್ನು, ಎರಡಿದ್ದರೆ ನಾಲ್ಕು ತುಂಡುಗಳನ್ನು ಬೇರೊಂದು ಸಾಲಿಗೆ ದಾಟಿಸಬಹುದು. ಹಂಚುವ ಮೊದಲೇ ಇದನ್ನೆಲ್ಲ ಮುಗಿಸಬೇಕು. ಹತ್ತು ಹೊಸ ಎಲೆಗಳು ಬಿದ್ದ ಮೇಲೆ ಒಳ್ಳೆಯ ಸರಪಳಿಯೂ ಅಡಿಗೆ ಸೇರುತ್ತದೆ. ವಿಂಡೋಸ್‌ನ ಆಟವಂತೂ ಸಾಮಾನ್ಯವಾಗಿ ಖಾಲಿ ಸಾಲಿರುವಾಗ ಹಂಚಲು ಬಿಡುವುದಿಲ್ಲ. ಕೊನೆಯ ಹಂಚಿಕೆಗೆ ಮುನ್ನ ಆ ಸಾಲಿಗೆ ಯಾವ ಎಲೆ ಹಾಕುತ್ತೇನೆಂಬುದನ್ನು ಮಾತ್ರ ಹೇಳಲಾರೆ. ಪಂಥ ಇನ್ನೂ ನಡೆಯುತ್ತಿದೆ.

ನಡುವೆ ಜಾಹೀರಾತಿನ ಕಾಟಕ್ಕೆ ಬೇಸತ್ತು, ಎರಡು ಕಟ್ಟು ಇಸ್ಪೀಟೆಲೆ ಕೊಂಡು ಚಾಪೆಯ ಮೇಲೆ ಹರಡಿದೆ. 104 ಎಲೆಗಳಿಗೆ ಚಾಪೆ ಸಾಲಲಿಲ್ಲ, ಆದರೆ ಕಲಿಕೆ ಚೆನ್ನಾಯಿತು. ಸೂಟ್ ಲೆಕ್ಕಿಸದಿದ್ದರೆ ಅದೇ ಕಟ್ಟುಗಳಲ್ಲಿ ಒಂದು ಸೂಟ್‌ನ ಆಟ. ಕೆಂಪು-ಕಪ್ಪು ಮಾತ್ರ ನೋಡಿದರೆ ಎರಡು ಸೂಟ್‌ನ ಆಟ. ಅಂಗಡಿಯವರು ಈಗ ಈ ಎರಡನೆಯ ಬಗೆಯನ್ನು ಅಭ್ಯಾಸ ಮಾಡುತ್ತಿದ್ದಾರೆ.