ಬೇಸಿಗೆ ಶಿಬಿರದ ಪೋಸ್ಟ್ ಬರೆಯೋದು ಹೇಗೆ?

‘ಮಕ್ಕಳಿಗೆ ಬೇಸಿಗೆ ಶಿಬಿರ, ಬೇಗ ಹೆಸರು ನೋಂದಾಯಿಸಿ’ ಅಂತ ನಮ್ಮ ಬಡಾವಣೆಯ ಗ್ರೂಪಿಗೆ ಮೊದಲ ವರ್ಷ ಹಾಕಿದ್ದೆವು. ನಾಲ್ಕು ವರ್ಷದ ಪುಟ್ಟಿಯೂ ಬಂದಳು, ಹತ್ತನೇ ಕ್ಲಾಸು ಮುಗಿಸಿದ ಹುಡುಗನೂ ಬಂದ. ಪುಟ್ಟಿಯ ಕೈಗೆ ಕತ್ತರಿ ಕೊಡುವ ಹಾಗಿಲ್ಲ, ಅವನಿಗೆ ಕಾಗದದ ದೋಣಿ ಬೇಡ.

ಅದಕ್ಕೇ ಮೊದಲು ವಯಸ್ಸು ಬರೆಯಿರಿ, ತಾರೀಖಿನ ಸಮೇತ. ‘8ರಿಂದ 13’ ಅಂದರೆ ಸಾಲದು. ‘ಶಿಬಿರ ಶುರುವಾಗುವ ದಿನಕ್ಕೆ 8 ತುಂಬಿರಬೇಕು, 14 ತುಂಬಿರಬಾರದು’ ಅಂತ ಬರೆದರೆ ‘ಮುಂದಿನ ತಿಂಗಳು ಎಂಟಾಗುತ್ತೆ’ ಅನ್ನೋ ಫೋನು ಬರೋದಿಲ್ಲ.

ಚಟುವಟಿಕೆಗಳನ್ನು ಬರೆಯುವಾಗ ಮಗು ಏನು ಮಾಡುತ್ತೆ, ಏನು ತರಬೇಕು ಅಂತ ಹೇಳಿ. ‘ಮಣ್ಣಿನ ಕೆಲಸ ಇದೆ, ಹಳೇ ಅಂಗಿ ಹಾಕಿ ಕಳಿಸಿ’ ಅನ್ನೋ ಸಾಲು ‘ಸೃಜನಶೀಲ ಕಲಿಕೆ’ಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಸುರಕ್ಷತೆಗೆ ಜಾಸ್ತಿ ಜಾಗ ಕೊಡಿ. ಒಂದು ಮಧ್ಯಾಹ್ನ ಒಬ್ಬರು ಗೇಟಿಗೆ ಬಂದು ‘ನಾನು ಅವಳ ಮಾವ’ ಅಂದರು, ಹುಡುಗಿ ಚಪ್ಪಲಿ ಹಾಕಿಕೊಂಡು ಹೊರಟೇಬಿಟ್ಟಳು, ಅವರು ನಿಜವಾಗಿ ಯಾರು ಅಂತ ಕೇಳಬೇಕು ಅನ್ನೋದು ನಮಗೆ ಹೊಳೆದದ್ದು ಅವರು ತಿರುವು ದಾಟಿದ ಮೇಲೆ. ಅಮ್ಮನಿಗೆ ಫೋನ್ ಮಾಡಿದೆವು. ನಿಜವಾದ ಮಾವನೇ ಆಗಿದ್ದರು, ಆದರೂ ಆ ಎರಡು ನಿಮಿಷ ನನ್ನ ಕೈ ನಡುಗುತ್ತಿತ್ತು. ಈಗ ಪೋಸ್ಟಿನಲ್ಲೇ ಹೀಗೆ ಬರೆಯುತ್ತೇವೆ: ‘ಫಾರ್ಮಿನಲ್ಲಿ ನೀವು ಬರೆದ ಇಬ್ಬರಿಗೆ ಮಾತ್ರ ಮಗುವನ್ನು ಕಳಿಸುತ್ತೇವೆ. ಬೇರೆಯವರು ಬರುವುದಿದ್ದರೆ ಮೊದಲೇ ಫೋನ್ ಮಾಡಿ ತಿಳಿಸಿ. ಅಲರ್ಜಿ, ಫಿಟ್ಸ್, ಆಸ್ತಮಾ ಇದ್ದರೆ ಮುಚ್ಚಿಡಬೇಡಿ. ನೀವು ಒಪ್ಪದೆ ಮಗುವಿನ ಫೋಟೊ ಎಲ್ಲೂ ಹಾಕುವುದಿಲ್ಲ.’ ‘ಸಂಪೂರ್ಣ ಸುರಕ್ಷತೆ’ ಅಂತ ಸುಮ್ನೆ ಬರೆಯಬೇಡಿ, ಅದರಿಂದ ತಾಯಿಗೆ ಏನೂ ಗೊತ್ತಾಗೋದಿಲ್ಲ. ಎಷ್ಟು ಮಕ್ಕಳಿಗೆ ಎಷ್ಟು ಜನ ದೊಡ್ಡವರು ಇರ್ತಾರೆ, ಹುಡುಗಿಯರ ಶೌಚಾಲಯದ ಹತ್ತಿರ ಯಾರಿರ್ತಾರೆ ಅಂತ ಬರೆಯಿರಿ.

ಶುಲ್ಕದ ಲೆಕ್ಕ ಹೀಗೆ ಹಾಕಿ. ಸಭಾಂಗಣದ ಬಾಡಿಗೆ, ಕಲಿಸುವವರ ಸಂಭಾವನೆ ಎಲ್ಲ ಸೇರಿ 48,000 ರೂಪಾಯಿ ಅಂದುಕೊಳ್ಳಿ, ಎಷ್ಟು ಮಕ್ಕಳು ಬಂದರೂ ಇದು ಅಷ್ಟೇ. ತಿಂಡಿ, ಸಾಮಗ್ರಿಗೆ ಮಗುವಿಗೆ 500. ಮೂವತ್ತು ಮಕ್ಕಳಾದರೆ ತಲಾ 2,100 ಸಾಕು. ಆದರೆ ಬಂದದ್ದು 24 ಅಂದರೆ 9,600 ರೂಪಾಯಿ ಕೈಯಿಂದ ಹೋಗುತ್ತೆ. 24ಕ್ಕೇ ಲೆಕ್ಕ ಹಾಕಿ, 2,500 ಇಡಿ. ಇದರಲ್ಲಿ ತಿಂಡಿ ಸೇರಿದೆಯಾ, ಬಣ್ಣ ಸೇರಿದೆಯಾ, ಮಗು ಎರಡೇ ದಿನ ಬಂದು ಬಿಟ್ಟರೆ ಎಷ್ಟು ವಾಪಸ್, ಎಲ್ಲವನ್ನೂ ಅಲ್ಲೇ ಹೇಳಿಬಿಡಿ.

ಕೊನೆಗೆ ದಿನ, ಸಮಯ, ಹೆಸರು ಕೊಡಲು ಕಡೇ ತಾರೀಖು. ಇಸವಿ ಮರೆಯಬೇಡಿ. ವಾಟ್ಸ್ಆ್ಯಪ್‌ನಲ್ಲಿ ಹೋದ ವರ್ಷದ ಪೋಸ್ಟ್ ಈ ವರ್ಷವೂ ಸುತ್ತುತ್ತಿರುತ್ತೆ, ಅದನ್ನು ನೋಡಿ ಹಳೇ ಶುಲ್ಕ ಕಳಿಸುವವರೂ ಇರ್ತಾರೆ.